ಪೀಸ್ ಲೆಕ್ಕದ ಉಸಿರು

ನನ್ನ ಯಜಮಾನರಿಗೆ ಮೈ ಊದಿಕೊಂಡಿತು. ಅದನ್ನು ಅವರು ಮೈ ತುಂಬಿಕೊಂಡಿದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು.

ಇವರು ಟೈಲರ್. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಇವರು ಕತ್ತರಿಸುತ್ತಾರೆ, ಹೊಲಿಯುತ್ತಾರೆ, ನಾನು ಕಾಜಾ ಮಾಡಿ ಗುಂಡಿ ಹಾಕುತ್ತೇನೆ. ಬೀದಿಯವರೆಲ್ಲ ಇವರನ್ನು ಮಾಸ್ಟ್ರು ಎನ್ನುತ್ತಾರೆ. ಆ ಹೆಸರು ತಲೆಗೇರಿ ಎಷ್ಟೋ ವರ್ಷವಾಯಿತು. ಯಾವ ವಿಷಯವಾದರೂ ಸರಿ, ಇವರಿಗೆ ಗೊತ್ತಿಲ್ಲದ್ದು ಇಲ್ಲ. ಸಿಗರೇಟಿನ ಹೊಗೆ ಕಫ ಕರಗಿಸುತ್ತದೆ ಎಂಬುದು ಇವರದೇ ಸಂಶೋಧನೆ. ಆ ಕಫ ಕರಗಿಸಿ ಕರಗಿಸಿ ಶ್ವಾಸಕೋಶವೇ ಸವೆದು ಹೋಗಿದೆ ಎಂದು ಒಬ್ಬ ಡಾಕ್ಟರು ಹಿಂದೆಯೇ ಹೇಳಿದ್ದರು. ಬಾಯಿಗೆ ಎಳೆದುಕೊಳ್ಳುವ ಔಷಧಿಯನ್ನೂ ಕೊಟ್ಟಿದ್ದರು. ಇವರು ಅದನ್ನು ಹಬೆ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿಟ್ಟು, ಕೆಮ್ಮು ಬಂದಾಗ ಅದರ ಕಡೆ ಒಮ್ಮೆ ನೋಡುತ್ತಿದ್ದರು. ನೋಡಿದರೆ ಸಾಕಿತ್ತೇನೋ!

ಈಚೆಗೆ ಪ್ಯಾಂಟು ಬಿಗಿಯಾಗತೊಡಗಿತು. ಬೇರೆ ಯಾರಿಗಾದರೂ ಹಾಗಾದರೆ ಯಾಕಪ್ಪಾ ಎಂದು ಯೋಚಿಸುತ್ತಾರೆ. ಟೈಲರ್‌ಗೆ ಆ ಕಷ್ಟ ಎಲ್ಲಿಯದು? ಒಳಗೆ ಬಿಟ್ಟಿದ್ದ ಬಟ್ಟೆ ಬಿಚ್ಚಿ ಸೊಂಟ ಸಡಿಲ ಮಾಡಿಕೊಂಡರು. ಮತ್ತೆ ಬಿಗಿಯಾಯಿತು, ಮತ್ತೆ ಬಿಚ್ಚಿದರು. ಬಿಚ್ಚಲು ಬಟ್ಟೆಯೇ ಉಳಿಯದಾದಾಗ ಪಕ್ಕದಲ್ಲಿ ಒಂದು ತುಂಡು ಸೇರಿಸಿದರು, ಅದೂ ಎಷ್ಟು ಚೆನ್ನಾಗಿ ಎಂದರೆ ಜೋಡಣೆ ಎಲ್ಲಿದೆ ಎಂದು ನನಗೂ ಕಾಣಲಿಲ್ಲ. ಪಕ್ಕದ ಕ್ಷೌರದಂಗಡಿಯವನು ಬಂದು, "ಏನ್ ಮಾಸ್ಟ್ರೇ, ಕಳೆ ಬಂದಿದೆಯಲ್ಲ! ಅಕ್ಕನ ಕೈ ಅಡುಗೆ ಮೈಗೆ ಹತ್ತಿದೆ" ಎಂದ. ಇವರು ಮೀಸೆ ತಿರುವಿಕೊಂಡರು. ಮೀಸೆಯ ಕೆಳಗೆ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದು ಇಬ್ಬರಿಗೂ ಕಾಣಲಿಲ್ಲ.

ನನಗೆ ಕಂಡಿತ್ತು. ಅಂಗಡಿಯಿಂದ ಬಚ್ಚಲಿಗೆ ಹೋಗಿ ಬರುವುದರೊಳಗೆ ಇವರು ಗೋಡೆ ಹಿಡಿದು ನಿಲ್ಲುತ್ತಿದ್ದರು. ಕಾಲುಚೀಲ ತೆಗೆದರೆ ಅದರ ಎಲಾಸ್ಟಿಕ್ ಕಾಲಿನಲ್ಲಿ ಹಳ್ಳ ತೋಡಿರುತ್ತಿತ್ತು. ಒಂದು ದಿನ ನಾನೇ ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದ ಕುಳಿ ಹಾಗೇ ನಿಂತಿತು.

"ರೀ, ಇದು ಮಾಂಸ ಅಲ್ಲ, ನೀರು" ಎಂದೆ.

"ನೀನು ಯಾವಾಗ ಡಾಕ್ಟರ್ ಆದೆ? ನಿಂತು ನಿಂತು ಕೆಲಸ ಮಾಡಿದ್ರೆ ಕಾಲು ಊದಲ್ವಾ?"

"ಹೊಟ್ಟೆನೂ ನಿಂತುಕೊಂಡೇ ಊದಿತಾ?"

ಉತ್ತರವಿಲ್ಲದಾಗ ಇವರು ಹೊಲಿಗೆ ಯಂತ್ರ ಓಡಿಸುತ್ತಾರೆ, ಅದರ ಸದ್ದಿನಲ್ಲಿ ನನ್ನ ಮಾತು ಮುಳುಗಲಿ ಎಂದು. ನಾನು ಹೋಗಿ ಪ್ಲಗ್ಗು ಕಿತ್ತೆ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಶ್ವಾಸಕೋಶದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಇವರು ಕುರ್ಚಿಯಲ್ಲಿ ಕೂರುವ ಮೊದಲೇ ಆಕೆಯ ಕೋಟು ನೋಡಿ, "ಭುಜ ಇಳಿದಿದೆ, ಯಾರು ಹೊಲಿದಿದ್ದು?" ಎಂದರು. ಆಕೆ ನಕ್ಕು, ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಇವರ ಬೆರಳಿಗೆ ಹಾಕಿದಳು. ಎಂಬತ್ತನಾಲ್ಕು ಎಂದು ತೋರಿಸಿತು. ನೂರಕ್ಕೆ ಎಂಬತ್ತನಾಲ್ಕು ಅಂಕ ಬಂದರೆ ಫಸ್ಟ್ ಕ್ಲಾಸಲ್ಲವೇ ಎಂದು ಇವರು ನನ್ನ ಕಡೆ ನೋಡಿದರು. ಡಾಕ್ಟರಮ್ಮನ ನಗು ಅಷ್ಟಕ್ಕೇ ನಿಂತಿತು.

ಆಕೆ ಇವರನ್ನು ಒರಗಿಸಿ ಕುತ್ತಿಗೆಯ ನರ ನೋಡಿದಳು. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದಾಗ ಇವರು ಹಾ ಎಂದರು. ಎದೆಯ ಚಿತ್ರ ತೆಗೆಸಿದಳು, ಹೃದಯದ ಸ್ಕ್ಯಾನ್ ಮಾಡಿಸಿದಳು, ಮಣಿಕಟ್ಟಿನಿಂದ ರಕ್ತ ತೆಗೆಸಿದಳು. ಎಲ್ಲ ಕೈಗೆ ಬಂದ ಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ಮಾಸ್ಟ್ರೇ, ತೊಂದರೆ ಶುರುವಾಗಿದ್ದು ಶ್ವಾಸಕೋಶದಲ್ಲಿ. ಈಗ ಅದು ಹೃದಯಕ್ಕೆ ಬಂದಿದೆ. ಇದಕ್ಕೆ ಕಾರ್ ಪಲ್ಮೊನೇಲ್ ಅಂತಾರೆ."

"ಹೃದಯಕ್ಕೆ ಏನಾಗಿದೆ? ನನಗೆ ಎದೆನೋವೇ ಇಲ್ಲ."

"ನೋವು ಬರಲೇಬೇಕು ಅಂತಿಲ್ಲ. ನೋಡಿ, ಹೃದಯ ನೋಡೋಕೆ ಒಂದು, ಕೆಲಸ ಮಾಡೋದು ಎರಡು. ಎಡಗಡೆದು ಇಡೀ ಮೈಗೆ ರಕ್ತ ತಳ್ಳುತ್ತೆ. ಅದಕ್ಕೆ ದಪ್ಪ ಗೋಡೆ ಇದೆ. ಬಲಗಡೆದು ಮೈಯಿಂದ ವಾಪಸ್ ಬಂದ ರಕ್ತನ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ಕಳಿಸುತ್ತೆ. ಹತ್ತಿರದ ಕೆಲಸ, ಹಗುರದ ಕೆಲಸ. ಅದಕ್ಕೇ ಅದರ ಗೋಡೆ ತೆಳು."

ಇವರು ತಲೆಯಾಡಿಸಿದರು. ತೆಳು ದಪ್ಪದ ಮಾತು ಬಂದರೆ ಇವರಿಗೆ ಗಮನ ತಾನಾಗಿ ಬರುತ್ತದೆ.

"ಶ್ವಾಸಕೋಶದಲ್ಲಿ ಎಲ್ಲಿ ಆಮ್ಲಜನಕ ಕಮ್ಮಿ ಇರುತ್ತೋ ಅಲ್ಲಿ ರಕ್ತನಾಳ ತಾನಾಗೇ ಬಿಗಿದುಕೊಳ್ಳುತ್ತೆ. ಗಾಳಿನೇ ಬರದ ಮೂಲೆಗೆ ರಕ್ತ ಕಳಿಸಿ ಏನು ಪ್ರಯೋಜನ, ಅಲ್ವಾ? ಒಂದು ಮೂಲೆಯಲ್ಲಿ ಹಾಗಾದ್ರೆ ಅದು ಒಳ್ಳೇದೇ. ನಿಮ್ಮಲ್ಲಿ ಎಲ್ಲಾ ಕಡೆ ಆಮ್ಲಜನಕ ಕಮ್ಮಿ. ಹಾಗಾಗಿ ಎಲ್ಲಾ ಕಡೆ ಬಿಗಿದುಕೊಂಡಿದೆ. ಸಿಗರೇಟಿಂದ ಕೆಲವು ನಾಳ ನಾಶವೇ ಆಗಿವೆ. ಆದ್ರೆ ರಕ್ತ ಹೋಗಲೇಬೇಕು. ಈ ಇಕ್ಕಟ್ಟಲ್ಲಿ ತೆಳು ಗೋಡೆಯ ಬಲಗಡೆ ಹೃದಯ ಜೋರಾಗಿ ತಳ್ಳುತ್ತೆ. ತಳ್ಳೀ ತಳ್ಳೀ ಮೊದಲು ಗೋಡೆ ದಪ್ಪ ಆಗುತ್ತೆ. ಆಮೇಲೆ ಸುಸ್ತಾಗಿ ಹಿಗ್ಗುತ್ತೆ."

"ಅಂದ್ರೆ ರವಿಕೆ ಬಟ್ಟೆ ಹೊಲಿಯೋ ಮೆಷಿನ್‌ಗೆ ದಿನಾ ಕ್ಯಾನ್ವಾಸ್ ಕೊಟ್ಟ ಹಾಗೆ" ಎಂದರು ಇವರು.

"ಸರಿಯಾಗಿ ಹೇಳಿದ್ರಿ! ಆ ಮೆಷಿನ್ ಸೋತಾಗ ಮುಂದೆ ಹೋಗಬೇಕಾದ ರಕ್ತ ಹಿಂದೆ ನಿಲ್ಲುತ್ತೆ. ಕುತ್ತಿಗೆಯ ನರ ಉಬ್ಬಿದೆ, ಲಿವರ್ ಊದಿದೆ, ಹೊಟ್ಟೇಲಿ ಕಾಲಲ್ಲಿ ನೀರು ಸೇರಿದೆ."

"ಅಂದ್ರೆ ನಾನು ದಪ್ಪ ಆಗಿಲ್ಲ?"

"ಇಲ್ಲ. ಮಾಂಸ ಕರಗಿದೆ. ನೀರು ಅದನ್ನ ಮುಚ್ಚಿದೆ."

ಇವರ ಮುಖ ಪೆಚ್ಚಾಯಿತು. ಪಾಪ, ಎಷ್ಟು ಪ್ಯಾಂಟು ಬಿಚ್ಚಿ ಹೊಲಿದಿದ್ದರು! ಆದರೆ ನಮ್ಮವರು ಅಷ್ಟು ಬೇಗ ಸೋಲೊಪ್ಪುವ ಜಾತಿಯಲ್ಲ. ಕೂಡಲೇ ಕೇಳಿದರು, "ಎಡಗಡೆದು ಹೇಗಿದೆ?"

"ಎಡಗಡೆದು ಚೆನ್ನಾಗಿದೆ."

"ನೋಡಿದ್ಯಾ?" ಎಂದರು ನನಗೆ, ಅರ್ಧ ಪಾಸಾದವರ ಹಾಗೆ.

ಡಾಕ್ಟರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಮುಂದುವರಿದಳು. ನೀರು ಇಳಿಸಲು ಮಾತ್ರೆ, ಉಪ್ಪು ಕಡಿಮೆ, ಎಳೆದುಕೊಳ್ಳುವ ಔಷಧಿ ತಪ್ಪದೆ, ಸಿಗರೇಟು ಇವತ್ತಿಗೇ ಕೊನೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಆಮ್ಲಜನಕದ ಯಂತ್ರ. ಮೂಗಿಗೆ ನಳಿಕೆ ಹಾಕಿಕೊಂಡು ದಿನಕ್ಕೆ ಕನಿಷ್ಠ ಹದಿನೈದು ಗಂಟೆ, ನಿದ್ದೆಯಲ್ಲೂ.

"ಇದು ಉಸಿರಾಟದ ಸುಖಕ್ಕಲ್ಲ, ಹೃದಯಕ್ಕೆ. ಆಮ್ಲಜನಕ ಸಿಕ್ಕಿದಾಗ ಬಿಗಿದ ನಾಳ ಒಂದಿಷ್ಟು ಸಡಿಲ ಆಗುತ್ತೆ, ಬಲಗಡೆ ಹೃದಯಕ್ಕೆ ಭಾರ ಕಮ್ಮಿ ಆಗುತ್ತೆ. ಹಾಳಾದ ಶ್ವಾಸಕೋಶ ವಾಪಸ್ ಬರಲ್ಲ. ಆದ್ರೆ ನೀವು ಹೆಚ್ಚು ವರ್ಷ ಬದುಕ್ತೀರ. ಯಂತ್ರದ ಗುಂಡಿ ನಿಮಿಷಕ್ಕೆ ಒಂದೂವರೆ ಲೀಟರ್‌ನಲ್ಲಿ ಇರ್ಬೇಕು. ಮೇಲೆ ತಿರುಗಿಸ್ಬಾರ್ದು. ನೀವು ಹೊರಗೆ ಬಿಡಬೇಕಾದ ಕೆಟ್ಟ ಗಾಳಿ ಈಗಲೇ ರಕ್ತದಲ್ಲಿ ಜಾಸ್ತಿ ನಿಂತಿದೆ. ಆಮ್ಲಜನಕ ಅತಿಯಾದ್ರೆ ಅದು ಇನ್ನೂ ಏರುತ್ತೆ, ಮಂಪರು ಬರುತ್ತೆ, ಪ್ರಾಣಕ್ಕೇ ಕುತ್ತು. ಯಂತ್ರದ ಹತ್ತಿರ ಬೆಂಕಿ ಬೇಡವೇ ಬೇಡ. ಉದ್ದದ ನಳಿಕೆ ಕೊಡ್ತೀನಿ, ಅಂಗಡೀಲಿ ಕೂತು ಹೊಲೀಬಹುದು. ಇಸ್ತ್ರಿ ಮಾತ್ರ ನೀವು ಮಾಡ್ಬೇಡಿ."

ಇವರು ಹೂಂಗುಟ್ಟಿದರು. ಗಿರಾಕಿಗೆ ಶುಕ್ರವಾರ ಕೊಡ್ತೀನಿ ಎನ್ನುವಾಗಲೂ ಇದೇ ಹೂಂ ಬರುತ್ತದೆ.

ಬೆರಳಿನ ಕ್ಲಿಪ್ಪಿನ ಜೊತೆ ಯಂತ್ರ ಬಂತು. ಗುರ್ ಎಂದು ಸದ್ದು ಮಾಡುತ್ತಾ ಒಳಕೋಣೆಯ ಮೂಲೆಯಲ್ಲಿ ಕೂತಿತು. ನಾನು ಅದನ್ನು ಅಂಗಡಿಗೆ ಹತ್ತಿರ ತರೋಣ ಎಂದೆ. ಇವರು ಕತ್ತರಿ ಮೇಜಿನ ಮೇಲೆ ಕುಕ್ಕಿದರು.

"ಮೂಗಲ್ಲಿ ನಳಿಕೆ ಸಿಕ್ಕಿಸಿಕೊಂಡು ಗಿರಾಕಿಗೆ ಅಳತೆ ತಗೊಳ್ಲಾ? ಒಳಗೇ ಇರ್ಲಿ. ಒಳಗೇ ಹಾಕ್ಕೊತೀನಿ."

ಸಿಗರೇಟು ಬಿಟ್ಟರು, ಅದಕ್ಕೆ ಮಾತ್ರ ಶಹಬ್ಬಾಸ್ ಎನ್ನಲೇಬೇಕು. ಯಂತ್ರ ಸ್ಫೋಟವಾಗಿ ಗಿರಾಕಿಗಳ ಬಟ್ಟೆ ಸುಟ್ಟುಹೋದರೆ ಎಂಬ ಭಯ, ಹೆಂಡತಿ ಸುಟ್ಟುಹೋದರೆ ಎಂಬುದಲ್ಲ. ಊಟವಾದ ಮೇಲೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಳಿಹೊತ್ತಿಗೆ ಹೊರಗೆ ಬಂದು ಕೈ ಒರೆಸಿಕೊಂಡು, "ಮುಗೀತು ಇವತ್ತಿನದು" ಎನ್ನುತ್ತಿದ್ದರು. ರಾತ್ರಿ ಯಂತ್ರಕ್ಕೆ ರಜೆ.

"ಡಾಕ್ಟರಮ್ಮ ಹದಿನೈದು ಗಂಟೆ ಅಂದ್ರು. ಇದು ಮೂರೂ ಆಗಿಲ್ಲ" ಎಂದು ನಾನು ಕಾಡಿದೆ.

"ಅವರಿಗೆ ಬೇಕಾಗಿರೋದು ಒಟ್ಟು ಗಾಳಿ. ಅದು ಮುಗಿದಿದೆ. ನಿನಗೆ ಗುಂಡಿ ಹಾಕೋದು ಗೊತ್ತು, ಹಾಕು."

ನನಗೆ ಮೈಯೆಲ್ಲ ಉರಿಯಿತು. ಇವರ ಜೊತೆ ಜಗಳವಾಡಿದರೆ ಇವರಿಗೇ ಉಸಿರು ಸಿಗುವುದಿಲ್ಲ. ಎರಡು ಮಾತಾಡಿ ಎದೆ ಹಿಡಿದುಕೊಂಡರೆ ನಾನೇ ನೀರು ತರಬೇಕು. ಹೀಗೆ ಪ್ರತಿ ಜಗಳವನ್ನೂ ಗೆದ್ದರು. ನಾನು ಡಾಕ್ಟರಮ್ಮನಿಗೆ ಹೇಳುತ್ತೇನೆ ಎಂದೆ. ಮುಂದಿನ ವಾರ ಹೇಗೂ ಹೋಗಬೇಕು, ಆಗ ಹೇಳು ಎಂದರು. ಮುಂದಿನ ವಾರದವರೆಗೆ ಈ ಮನುಷ್ಯ ಇರಬೇಕಲ್ಲ ಎಂಬುದೊಂದೇ ನನ್ನ ಚಿಂತೆ.

ಆ ವಾರವೇ ಒಂದು ಮಧ್ಯಾಹ್ನ ಕೋಟಿನ ಟ್ರಯಲ್‌ಗೆ ಒಬ್ಬರು ಬಂದು ಕಾದು ಕೂತಿದ್ದರು. ಇವರು ಒಳಗಿನಿಂದ ಬರಲಿಲ್ಲ. ಕೂಗಿದೆ. ಬಾಗಿಲು ತಳ್ಳಿದರೆ ಕುರ್ಚಿಯಲ್ಲಿ ಒಂದು ಕಡೆ ವಾಲಿಕೊಂಡಿದ್ದಾರೆ. ಮುಖ ಕೆಂಪಗಿತ್ತು. ತುಟಿ ಎಷ್ಟೋ ದಿನಗಳ ಮೇಲೆ ತುಟಿಯ ಬಣ್ಣದಲ್ಲೇ ಇತ್ತು. ಬೆರಳಿಗೆ ಕ್ಲಿಪ್ಪು ಹಾಕಿದೆ, ತೊಂಬತ್ತೇಳು. ಅಬ್ಬಾ, ದೇವರೇ, ನಿದ್ದೆ ಬಂದಿದೆ ಅಷ್ಟೇ ಎಂದು ನಾನು ನಿಟ್ಟುಸಿರು ಬಿಟ್ಟೆ. ಇದೇ ನೋಡಿ, ಅಂಕ ನೋಡಿ ಖುಷಿಪಡುವ ರೋಗ ನನಗೂ ಹತ್ತಿತ್ತು.

"ರೀ, ಏಳಿ, ಕೋಟಿನವರು ಬಂದಿದ್ದಾರೆ."

ಏಳಲಿಲ್ಲ. ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದು, "ತೋಳು ಗಿಡ್ಡ... ತೋಳು ಗಿಡ್ಡ ಆಯ್ತು" ಎಂದು ತೊದಲಿ ಮತ್ತೆ ಮುಚ್ಚಿಕೊಂಡರು. ಕೈ ಎತ್ತಿ ಹಿಡಿದರೆ ಅಂಗೈ ಪಟಪಟ ಬಡಿದುಕೊಳ್ಳುತ್ತಿತ್ತು. ಯಂತ್ರದ ಕಡೆ ನೋಡಿದೆ. ಅದರ ಅಳತೆಯ ಕೊಳವೆಯೊಳಗೆ ಒಂದೂವರೆಯಲ್ಲಿ ಇರಬೇಕಾದ ಚಿಕ್ಕ ಗುಂಡು ಐದರಲ್ಲಿ ತೇಲುತ್ತಿತ್ತು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎರಡು ಸಲ ತಪ್ಪು ನಂಬರು ಒತ್ತಿದೆ. "ಯಂತ್ರ ಆಫ್ ಮಾಡ್ಲಾ?" ಎಂದು ಕಿರುಚಿದೆ.

"ಬೇಡಮ್ಮಾ! ಒಮ್ಮೆಲೇ ನಿಲ್ಲಿಸಿದ್ರೆ ಆಮ್ಲಜನಕ ಧಡ್ ಅಂತ ಬೀಳುತ್ತೆ. ಒಂದೂವರೆಗೆ ಇಳಿಸಿ, ಕೂರಿಸಿಯೇ ಇಡಿ, ಆಂಬುಲೆನ್ಸ್ ಕಳಿಸ್ತಿದ್ದೀನಿ."

ಆಂಬುಲೆನ್ಸಿಗೆ ಎತ್ತಿ ಹಾಕಲು ಕೋಟಿನವರೇ ಕೈ ಕೊಟ್ಟರು. ಅವರ ಮೈಮೇಲೆ ಒಂದೇ ತೋಳಿನ ಕೋಟಿತ್ತು, ಪಿನ್ನುಗಳ ಸಮೇತ.

ಆಸ್ಪತ್ರೆಯಲ್ಲಿ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿದರು. ಅದು ಉಸಿರನ್ನು ಒಳಗೆ ನೂಕಿ, ಸೇರಿಕೊಂಡ ಕೆಟ್ಟ ಗಾಳಿ ಹೊರಗೆ ಹೋಗುವಂತೆ ಮಾಡುತ್ತದಂತೆ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಆ ಮನುಷ್ಯನನ್ನು ಬಾಯಿಗೆ ಬಂದ ಹಾಗೆ ಬೈದೆ. ಎಚ್ಚರವಿದ್ದಿದ್ದರೆ ಅಷ್ಟು ಬೈಯಲು ಬಿಡುತ್ತಿರಲಿಲ್ಲ. ಬೈಯುತ್ತಾ ಬೈಯುತ್ತಾ ಅಳು ಬಂತು. ಈ ಕೊಬ್ಬಿನ ಮುದುಕ ಇಲ್ಲದ ಮನೆಯನ್ನು ಯೋಚಿಸಲು ನನಗೆ ಆಗಲೇ ಇಲ್ಲ.

ಮರುದಿನ ಮಾಸ್ಕ್ ತೆಗೆದು ಕೂರಿಸಿದರು. ಡಾಕ್ಟರಮ್ಮ ಬಂದು ಮಂಚದ ಅಂಚಿನಲ್ಲಿ ಕೂತಳು.

"ಮಾಸ್ಟ್ರೇ, ಗುಂಡಿ ಐದಕ್ಕೆ ಹೇಗೆ ಹೋಯ್ತು?"

ಇವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಕೊನೆಗೆ ಬಾಯಿ ಬಿಟ್ಟರು. "ನಮ್ಮದು ಪೀಸ್ ಲೆಕ್ಕ ಅಲ್ವಾ ಮೇಡಂ. ಎಷ್ಟು ಗಂಟೆ ಕೂತೆ ಅಂತ ಯಾರೂ ಕೇಳಲ್ಲ, ಎಷ್ಟು ಹೊಲಿದೆ ಅಂತ ಕೇಳ್ತಾರೆ. ಒಂದೂವರೆಯಲ್ಲಿ ಹದಿನೈದು ಗಂಟೆ ಕೂರೋದೂ ಒಂದೇ, ಐದರಲ್ಲಿ ಬೇಗ ಮುಗಿಸೋದೂ ಒಂದೇ ಅಂದ್ಕೊಂಡೆ."

"ಐದರಲ್ಲಿ ಆದ್ರೂ ನಾಲ್ಕೂವರೆ ಗಂಟೆ ಆಗುತ್ತಲ್ಲ? ನೀವು ಮೂರೇ ಕೂರ್ತಿದ್ರಂತೆ."

"ಉಳಿದದ್ದು ಕಟಿಂಗ್‌ನಲ್ಲಿ ಚೂರುಬಟ್ಟೆ ಹೋಗೋ ಹಾಗೆ ಹೋಗುತ್ತೆ ಅಂತ ಬಿಟ್ಟೆ."

ನಗುವುದೋ ಹೊಡೆಯುವುದೋ ನನಗೆ ಗೊತ್ತಾಗಲಿಲ್ಲ. ಡಾಕ್ಟರಮ್ಮ ಇವರ ಕಡೆ ಇನ್ನಷ್ಟು ಸರಿದು ಕೂತಳು.

"ಆಮ್ಲಜನಕ ಮೈಯಲ್ಲಿ ಗೋದಾಮಿನ ಥರ ಕೂಡಿಡೋಕೆ ಆಗಲ್ಲ. ನಳಿಕೆ ತೆಗೆದ ಕೆಲವೇ ನಿಮಿಷಕ್ಕೆ ಆಮ್ಲಜನಕ ಇಳಿಯುತ್ತೆ, ರಕ್ತನಾಳ ಮತ್ತೆ ಬಿಗಿಯುತ್ತೆ, ಬಲಗಡೆ ಹೃದಯ ಮತ್ತೆ ಗುದ್ದಾಡುತ್ತೆ. ನಿಮಗೆ ಗೊತ್ತೇ ಆಗಲ್ಲ, ಅದಕ್ಕೆ ಗೊತ್ತಾಗುತ್ತೆ. ಒಂದು ಮಾತು ಕೇಳ್ತೀನಿ ಹೇಳಿ. ನಿಮ್ಮ ಹೃದಯ ಬೆಳಿಗ್ಗೆನೇ ಬೇಗ ಬೇಗ ಬಡ್ಕೊಂಡು, ಇವತ್ತಿನದು ಮುಗೀತು ಅಂತ ಮಧ್ಯಾಹ್ನದ ಮೇಲೆ ರಜೆ ತಗೊಳ್ಳುತ್ತಾ?"

ಇವರ ಪಾದ ಹೊದಿಕೆಯ ಕೆಳಗೆ ಪೆಡಲ್ ಹುಡುಕಿತು. ಓಡಿಸಲು ಅಲ್ಲಿ ಹೊಲಿಗೆ ಯಂತ್ರ ಇರಲಿಲ್ಲ.

ಮನೆಗೆ ಬಂದ ದಿನ ನಾನು ಯಂತ್ರವನ್ನು ಎಳೆದು ಅಂಗಡಿಯ ಬಾಗಿಲ ಹತ್ತಿರ ತಂದಿಟ್ಟೆ. ಇಸ್ತ್ರಿಯ ಮೇಜನ್ನು ಹಿತ್ತಲ ಕಡೆಗೆ ಸಾಗಿಸಿದೆ. ಇವರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಒಳಗಿಡೇ" ಎಂದರು ಮೆತ್ತಗೆ. "ಹದಿನೈದು ಗಂಟೆನೂ ಒಳಗೇ ಕೂರ್ತೀನಿ. ಆಣೆ."

"ಒಳಗೆ ಕೂತು ಏನ್ ಮಾಡ್ತೀರಿ, ಗೋಡೆಗೆ ಅಳತೆ ತಗೊಳ್ತೀರಾ? ಜನ ನೋಡಿದ್ರೆ ನಿಮ್ಮ ಮೀಸೆ ಉದುರಿ ಹೋಗುತ್ತಾ?"

"ಮೀಸೆ ಅಲ್ಲ ಕಣೇ." ಉಸಿರು ತೆಗೆದುಕೊಂಡರು. "ಬಟ್ಟೆ ಕೊಡೋನು ಏನ್ ನೋಡಿ ಕೊಡ್ತಾನೆ? ಕೊಟ್ಟಿದ್ದು ವಾಪಸ್ ಬರುತ್ತೆ ಅಂತ. ಹೊಲಿಯೋವರೆಗೆ ಇರ್ತಾನೋ ಇಲ್ವೋ ಅನ್ನೋ ಟೈಲರ್‌ಗೆ ಯಾರು ಬಟ್ಟೆ ಕೊಡ್ತಾರೆ? ಹೊಲಿಯೋದು ಬಿಟ್ರೆ ನಾನು ಬರೀ ರೋಗಿ."

ನಾನು ನಳಿಕೆಯ ಸಿಕ್ಕು ಬಿಡಿಸಿದೆ.

"ನಮ್ಮ ಜನ ಅಷ್ಟು ಕಲ್ಲಲ್ಲ" ಎಂದೆ. "ಇಷ್ಟು ವರ್ಷದ ವಿಶ್ವಾಸ ಇದೆ. ಒಬ್ಬರಾದ್ರೂ ಹಾಗೆ ಮಾಡಿದ್ರೆ ನನ್ನ ಹೆಸರು ಬದಲಿಸಿ." ನಳಿಕೆಯನ್ನು ನಾನೇ ಎರಡೂ ಕಿವಿಯ ಹಿಂದೆ ಹಾಯಿಸಿ ಮೂಗಿಗೆ ಹಾಕಿದೆ. ಗುಂಡು ಒಂದೂವರೆಯಲ್ಲಿ ನಿಂತಿತು. ಇವರು ಬೆಳಕಿನ ಕಡೆ ತಿರುಗಿ ಸೂಜಿಗೆ ದಾರ ಪೋಣಿಸಿದರು.

ಮೊದಲು ಬಂದವನು ಔಷಧಿ ಅಂಗಡಿಯವನು, ನಮಗೆ ಮಾತ್ರೆ ಕೊಡುವವನೇ. ಕೈಯಲ್ಲಿ ಸಫಾರಿ ಸೂಟಿನ ಬಟ್ಟೆ. ಮೆಟ್ಟಿಲು ಹತ್ತುವಾಗಲೇ, "ಮಾಸ್ಟ್ರೇ, ಈ ಸಲ ಜೇಬು ದೊಡ್ಡದಿರ್ಲಿ" ಎಂದು ಶುರು ಮಾಡಿದವನು ಒಳಗೆ ಕಾಲಿಟ್ಟು ನಿಂತ. ನಳಿಕೆ ನೋಡಿದ, ಅದು ಹಿಡಿದುಕೊಂಡು ಹೋದ ದಾರಿ ನೋಡಿದ, ಗುರುಗುಟ್ಟುವ ಯಂತ್ರ ನೋಡಿದ. ಬಟ್ಟೆಯನ್ನು ಮೇಜಿನ ಮೇಲೆ ಇಟ್ಟ, ಕೈ ಅದರ ಮೇಲೆ ಹಾಗೇ ಇತ್ತು.

"ಕಟ್ಟು ಬಿಚ್ಚಿ. ಎಷ್ಟು ಮೀಟರ್ ತಂದಿದ್ದೀರಿ?" ಎಂದರು ಇವರು, ಟೇಪು ಹಿಡಿದು ಎದ್ದು ನಿಂತು.

"ಅಲ್ಲ ಮಾಸ್ಟ್ರೇ... ನೀವು ಸುಧಾರಿಸ್ಕೊಳ್ಳಿ. ಅವಸರ ಏನಿಲ್ಲ. ಮುಂದಿನ ತಿಂಗಳು ನೋಡೋಣ." ಅವನ ಕೈ ಬಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಿತು. "ಮಾತ್ರೆ ಏನಾದ್ರೂ ಬೇಕಾದ್ರೆ ಹೇಳಿ ಕಳಿಸಿ, ಮನೆಗೇ ಕೊಡ್ತೀನಿ." ನಗುತ್ತಲೇ ಮೆಟ್ಟಿಲಿಳಿದ. ನೇರ ಎದುರು ಸಾಲಿನ ಇನ್ನೊಬ್ಬ ಟೈಲರನ ಅಂಗಡಿಗೆ ಹೋದ. ನಾವು ನೋಡುತ್ತಿದ್ದೇವೆ ಎಂಬ ನಾಚಿಕೆಯೂ ಇಲ್ಲ.

ನನ್ನ ರಕ್ತ ಕುದಿಯಿತು. ಬೀದಿಗೆ ಇಳಿದು, ಅವನ ಮಾತ್ರೆ ಡಬ್ಬಿಗಳಿಗೂ ಅವನ ಸಫಾರಿ ಸೂಟಿಗೂ ಸೇರಿಸಿ ಮಂಗಳಾರತಿ ಮಾಡಲು ಹೊರಟೆ. ಅಷ್ಟರಲ್ಲಿ ಇವರ ಕೈ ಮೇಲೆ ಹೋಗುವುದು ಕಂಡಿತು. ಬೆರಳು ಕಿವಿಯ ಹಿಂದೆ ಹೋಗಿ ನಳಿಕೆಯನ್ನು ಹಿಡಿದುಕೊಂಡಿತು. ನನಗೆ ಬೀದಿ, ಬಟ್ಟೆ, ಔಷಧಿ ಅಂಗಡಿ ಎಲ್ಲ ಮರೆತುಹೋಯಿತು. ಬೇಡ ಎನ್ನಲು ನನಗೆ ಬಾಯಿ ಇರಲಿಲ್ಲ. ಜನ ಕಲ್ಲಲ್ಲ ಎಂದು ಹೇಳಿ ಕೂರಿಸಿದವಳು ನಾನೇ. ಇವರ ಕಣ್ಣು ಎದುರು ಸಾಲಿನ ಮೇಲಿತ್ತು, ಎದೆ ಏರಿಳಿಯುತ್ತಿತ್ತು.

ಇವರು ನಳಿಕೆ ಕೀಳಲಿಲ್ಲ. ಸಡಿಲಾಗಿದ್ದುದನ್ನು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಂಡರು.

"ಬಾಗಿಲಲ್ಲಿ ನಿಲ್ಬೇಡ, ಬೆಳಕಿಗೆ ಅಡ್ಡ ಬರ್ತೀಯ" ಎಂದರು. "ಆ ಕೋಟಿನವರದು ಇನ್ನೊಂದು ತೋಳು ಬಾಕಿ ಇದೆ. ತಗೊಂಡು ಬಾ."